ಭಗವಂತರಾಯ ಕಟ್ಟದ ರುಮಾಲು

ಇಂದಿರಾನಗರದ ನೂರಡಿ ರಸ್ತೆಯಲ್ಲೊಂದು ದೊಡ್ಡ ಹೋಟೆಲಿದೆ. ಬಂದವರಿಗೆ ಕೈಮುಗಿದು ಗಾಜಿನ ಬಾಗಿಲು ತೆಗೆಯುವುದು ಅಲ್ಲಿ ಭಗವಂತರಾಯನ ಕೆಲಸ. ವಯಸ್ಸು ಐವತ್ತೇಳು, ಮೀಸೆ ಸೊಂಪಾಗಿದೆ. ಕೆಲಸ ಸಿಕ್ಕಿದ್ದೇ ಮೀಸೆಯಿಂದ ಎಂದು ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದ್ದಾನೆ. ತಲೆಯ ಮೇಲೆ ಹೋಟೆಲಿನವರು ಕೊಟ್ಟ ಕೆಂಪು ಪೇಟ. ಅದು ಕಟ್ಟಿದ್ದಲ್ಲ, ಅಂಟಿಸಿದ್ದು. ಒಳಗೆ ರಟ್ಟು, ಹೊರಗೆ ಮಿರುಗುವ ಬಟ್ಟೆ, ಮುಂದೆ ಒಂದು ಬಿಳಿ ಗರಿ. ಬೆಳಿಗ್ಗೆ ಟೋಪಿಯ ಹಾಗೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಟೋಪಿಯ ಹಾಗೆಯೇ ತೆಗೆದು ಮೊಳೆಗೆ ನೇತುಹಾಕುವುದು. ತನ್ನ ಊರ ಕಡೆಯ ಶಹಾಪುರದಿಂದ ಈಚೆಗೆ ಕೃಷ್ಣರಾಜಪುರದ ತನಕ ರುಮಾಲು ಕಟ್ಟುವುದರಲ್ಲಿ ತನಗೆ ಸರಿಸಾಟಿಯಾದವನು ಇನ್ನೊಬ್ಬನಿಲ್ಲ ಎಂದು ನಂಬಿದ ಮನುಷ್ಯ ಒಂಬತ್ತು ವರ್ಷದಿಂದ ಈ ರಟ್ಟನ್ನು ಹೊತ್ತಿದ್ದಾನೆ. ಸಂಬಳ ತಿಂಗಳ ಒಂದನೇ ತಾರೀಖಿಗೆ ಸರಿಯಾಗಿ ಬರುವುದರಿಂದ ಇದುವರೆಗೂ ಏನೂ ಅಂದಿಲ್ಲ.

ವಿದ್ಯೆ ಕಲಿಸಿದ್ದು ಸೋದರಮಾವ. ಗೌಡರ ಮನೆಯ ಮದುವೆ ಮುಂಜಿಗೆಲ್ಲ ರುಮಾಲು ಕಟ್ಟಲು ಆತನನ್ನೇ ಕರೆಯುತ್ತಿದ್ದರು. ಎಂಟು ಗಜದ ಮಲ್ಮಲ್ ಬಟ್ಟೆಯನ್ನು ಉದ್ದಕ್ಕೆ ಮುದುಡಿ ಹಗುರಾಗಿ ಹುರಿ ಮಾಡುವುದು, ಒಂದು ತುದಿಯನ್ನು ಕಟ್ಟಿಸಿಕೊಳ್ಳುವವನ ಹಲ್ಲಿಗೆ ಕೊಡುವುದು, ಆಮೇಲೆ ಒಂದು ಸುತ್ತು ಬಲಕ್ಕೆ ಏರಿದರೆ ಮುಂದಿನದು ಎಡಕ್ಕೆ ಏರುವಂತೆ ಸುತ್ತುತ್ತಾ ಹೋಗುವುದು. ಹಣೆಯ ನಡುವೆ ಎರಡೂ ಕೂಡಿ ಒಂದು ಮೂಲೆ ಬೀಳುತ್ತದೆ. ಹಲ್ಲಿನಲ್ಲಿ ಹಿಡಿದ ತುದಿ ಕೊನೆಗೆ ಚುಂಗಾಗಿ ಹೆಗಲ ಮೇಲೆ ಇಳಿಯುತ್ತದೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಯಾರ ಮುಖಕ್ಕೆ ಹೇಗೆ ಎನ್ನುವುದೇ ವಿದ್ಯೆ ಎಂದು ಮಾವ ಹೇಳುತ್ತಿದ್ದ.

ಉದ್ದ ಮುಖದವನಿಗೆ ಎತ್ತರ ಕಟ್ಟಿದರೆ ಮುಖ ಇನ್ನೊಂದು ಗೇಣು ಉದ್ದವಾಗುತ್ತದೆ. ಅವನಿಗೆ ಹುಬ್ಬಿನ ತನಕ ಇಳಿಸಿ ಅಡ್ಡಡ್ಡ ಅಗಲಕ್ಕೆ ಸುತ್ತಬೇಕು. ದುಂಡು ಮುಖದವನಿಗೆ ಇದರ ತಿರುವುಮುರುವು: ಹಣೆ ಕಾಣುವಂತೆ ಹಿಂದಕ್ಕೆ ಸರಿಸಿ, ಸುತ್ತುಗಳನ್ನು ಮೇಲಕ್ಕೆ ಏರಿಸಬೇಕು. ಕಿವಿ ಅಗಲವಿದ್ದರೆ ಕೆಳಗಿನ ಸುತ್ತು ಕಿವಿಯ ಮೇಲಿನ ಅಂಚನ್ನು ಒಳಗೆ ತೆಗೆದುಕೊಳ್ಳಬೇಕು, ಆದರೆ ಪೂರ್ತಿ ಮುಚ್ಚಿದರೆ ಹಲ್ಲುನೋವಿನವನ ಹಾಗೆ ಕಾಣುತ್ತಾನೆ. ಕುತ್ತಿಗೆ ಗಿಡ್ಡವಿದ್ದವನಿಗೆ ಚುಂಗನ್ನು ಹೆಗಲ ಮೇಲೆ ಬಿಡಬಾರದು, ಬೆನ್ನಿಗೆ ಬಿಡಬೇಕು. ಇವನ್ನೆಲ್ಲ ತಲೆಯಲ್ಲಿ ತುಂಬಿಕೊಂಡ ಭಗವಂತರಾಯ ಜನರ ಕಣ್ಣು ನೋಡಿ ಮಾತಾಡುವುದನ್ನೇ ಬಿಟ್ಟಿದ್ದ. ಅವನ ನೋಟವೆಲ್ಲ ಹಣೆ ಮತ್ತು ಕಿವಿಯ ಮೇಲೆ. ಹೋಟೆಲಿಗೆ ಬರುವ ಸಾಹುಕಾರರು ತಮ್ಮ ತಲೆಗೇನಾದರೂ ಅಂಟಿದೆಯೋ ಎಂದು ಸವರಿಕೊಂಡು ಒಳಗೆ ಹೋಗುತ್ತಿದ್ದರು.

ಹೆಂಡತಿ ಸಾಬಮ್ಮನನ್ನು ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಅರ್ಧ ಗಂಟೆ ಕೂತು, ಚಹಾ ಕುಡಿದು, ಏಳುವಾಗ ಒಂದೇ ಒಂದು ಮಾತು ಆಡಿದ್ದನಂತೆ: ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಬೇಡ, ಕಿವಿಯ ಮುಂದೆ ತಂದರೆ ಕೆನ್ನೆ ಇಷ್ಟು ಅಗಲ ಕಾಣುವುದಿಲ್ಲ. ಸಾಬಮ್ಮ ಇದನ್ನು ಮೂವತ್ತು ವರ್ಷದಿಂದ ಕಂಡಕಂಡವರಿಗೆ ಹೇಳಿ ನಗುತ್ತಾಳೆ. ಸೆರಗನ್ನು ಮಾತ್ರ ಅಂದಿನಿಂದ ಕಿವಿಯ ಮುಂದೆಯೇ ಹೊದೆಯುತ್ತಾಳೆ.

ಅವರಿರುವುದು ಕೃಷ್ಣರಾಜಪುರದ ರೈಲು ನಿಲ್ದಾಣದ ಹಿಂದೆ, ಒಂದು ಬಾಡಿಗೆ ಕೋಣೆಯಲ್ಲಿ. ಆ ಸಾಲಿನ ಹದಿನಾಲ್ಕು ಕೋಣೆಗಳಲ್ಲಿ ಹನ್ನೊಂದು ಕಲಬುರಗಿ, ಯಾದಗಿರಿ ಕಡೆಯವರವು. ಸಾಬಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಗಂಡ ಭಾನುವಾರಗಳಲ್ಲಿ ತಮ್ಮ ಕಡೆಯವರ ಮದುವೆಗಳಿಗೆ ಹೋಗಿ ರುಮಾಲು ಕಟ್ಟಿ ಬರುತ್ತಾನೆ. ಅದಕ್ಕೆ ಊಟ ಮತ್ತು ಮರ್ಯಾದೆ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಮರ್ಯಾದೆ ಒಂದು ಚೂರು ಕಡಿಮೆಯಾದರೂ ಮುಖ ಗಂಟು ಹಾಕಿಕೊಂಡು ಬರುತ್ತಾನೆ.

ಎರಡು ಕೋಣೆ ಆಚೆಗೆ ಶರಣಬಸವ ಇರುವುದು. ಗೌಂಡಿ ಕೆಲಸದವನು, ಗೋಡೆ ಕಟ್ಟಿ ಗಾರೆ ಬಳಿಯುವವನು. ಇಬ್ಬರೂ ಒಂದೇ ದಿನ ಒಂದೇ ರೈಲಿನಲ್ಲಿ, ಒಂದೇ ಬುತ್ತಿಗಂಟು ಹಂಚಿಕೊಂಡು ಬೆಂಗಳೂರಿಗೆ ಬಂದವರು. ಜೀವನ್ ಬಿಮಾ ನಗರದಲ್ಲಿ ಅರ್ಧ ಮನೆಗಳ ಗಿಲಾವು ತನ್ನದೇ ಎಂದು ಶರಣಬಸವ ಹೇಳುತ್ತಾನೆ, ಅದರಲ್ಲಿ ಕಾಲು ಭಾಗವಾದರೂ ನಿಜವಿದ್ದೀತು. ಅವನ ಮಗಳು ನಾಗರತ್ನಾಳ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮೂರು ವಾರ ಇರುವಾಗ, ಒಂದು ಬೆಳಿಗ್ಗೆ ಶರಣಬಸವ ಬಾಯಿ ಮುಕ್ಕಳಿಸಲು ಹೋದ. ನೀರು ಬಾಯಲ್ಲಿ ನಿಲ್ಲದೆ ಎಡಗಡೆಯಿಂದ ಸೋರಿಹೋಯಿತು. ಕನ್ನಡಿ ನೋಡಿಕೊಂಡರೆ ಮುಖದ ಎಡಭಾಗ ಪೂರ್ತಿ ಇಳಿದುಹೋಗಿದೆ. ಹುಬ್ಬು ಜಾರಿದೆ, ಕಣ್ಣು ಮುಚ್ಚಲು ಬರುತ್ತಿಲ್ಲ, ಬಾಯಿ ಬಲಕ್ಕೆ ಎಳೆದುಕೊಂಡಿದೆ.

ಲಕವಾ ಹೊಡೆಯಿತೆಂದು ಹೆಂಡತಿ ಲಕ್ಷ್ಮಿದೇವಿ ಎದೆ ಬಡಿದುಕೊಂಡಳು. ಆಸ್ಪತ್ರೆಯ ಡಾಕ್ಟರು ಕೈಕಾಲು ಎಳೆದು ನೋಡಿ, ಇದು ಲಕವಾ ಅಲ್ಲ, ಮುಖದ ನರ ಬಾತಿದೆ, ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ ಎಂದು ಗುಳಿಗೆ ಬರೆದುಕೊಟ್ಟರು. ಮುಚ್ಚದ ಕಣ್ಣು ಒಣಗದ ಹಾಗೆ ಹನಿ ಹಾಕಲು ಹೇಳಿದರು. ಮದುವೆ ಮೂರು ವಾರದಲ್ಲಿದೆ ಎಂದರೆ, ಅದಕ್ಕೆ ನನ್ನ ಹತ್ತಿರ ಗುಳಿಗೆ ಇಲ್ಲ ಎಂದರಂತೆ. ಅಂದಿನಿಂದ ಶರಣಬಸವ ಬಾಯಿಗೆ ಟವೆಲು ಸುತ್ತಿಕೊಂಡು ಓಡಾಡತೊಡಗಿದ. ಎಡಗಡೆಯಿಂದ ಅನ್ನ ಸಾರು ಜಾರುತ್ತದೆಂದು ಗೋಡೆಯ ಕಡೆ ತಿರುಗಿ ಕೂತು ಉಣ್ಣತೊಡಗಿದ, ಹೆಂಡತಿಗೂ ಬೆನ್ನು ಕೊಟ್ಟು.

ಒಂದು ಸಂಜೆ ಭಗವಂತರಾಯನ ಕೋಣೆಗೆ ಬಂದು ಹೊಸ್ತಿಲಲ್ಲೇ ಕೂತ.

“ನಾ ಮದುವಿ ಅಕ್ಷತಾಕ್ಕ ಕುಂದ್ರಲ್ಲ. ನನ್ನ ತಮ್ಮ ಕುಂದರ್ತಾನ. ನಾ ಅಡಗಿ ಮನಿ ಕಡೆ ನೋಡ್ಕೋತೀನಿ,” ಅಂದ.

ಸಾಬಮ್ಮ ಬೈದಳು. ಹಡೆದ ಅಪ್ಪ ಒಲೆಯ ಮುಂದೆ ಕೂತರೆ ಬೀಗರು ಏನಂದುಕೊಂಡಾರು, ಹುಡುಗಿ ಏನು ಮಾಡಬೇಕು ಎಂದಳು. ನಾಗರತ್ನಾ ಆಗಲೇ ಹೇಳಿಬಿಟ್ಟಿದ್ದಳಂತೆ: ಅಪ್ಪ ಕೂರದಿದ್ದರೆ ನಾನೂ ಕೂರುವುದಿಲ್ಲ. ಅವಳು ಹೇಳಿದ್ದನ್ನು ಮಾಡುವ ಹುಡುಗಿ. ಶರಣಬಸವನಿಗೂ ಅದು ಗೊತ್ತು. ಗೊತ್ತಿದ್ದೂ ತಲೆ ಅಲ್ಲಾಡಿಸುತ್ತಲೇ ಇದ್ದ. ಹೊಸ ಬೀಗರ ಮುಂದೆ, ಇನ್ನೂರು ಮುನ್ನೂರು ಜನರ ಮುಂದೆ, ಈ ಮುಖ ಇಟ್ಟುಕೊಂಡು ಕೂರಲು ತನ್ನಿಂದ ಸಾಧ್ಯವಿಲ್ಲ ಎನ್ನುವುದೊಂದೇ ಮಾತು.

ಭಗವಂತರಾಯ ಇಷ್ಟು ಹೊತ್ತೂ ಅವನ ಹಣೆ ನೋಡುತ್ತಿದ್ದ. ಬಲಗಡೆ ಗೆರೆಗಳಿವೆ, ಎಡಗಡೆ ಒಂದೂ ಇಲ್ಲ, ಹೊಸ ಗಿಲಾವು ಮಾಡಿದ ಹಾಗೆ ನುಣುಪು. ಎಡಹುಬ್ಬು ಬಲಕ್ಕಿಂತ ಅರ್ಧ ಬೆರಳು ಕೆಳಗಿದೆ.

“ನಾ ಕಟ್ಟಿದ ರುಮಾಲದಾಗ ನಿನ್ನ ಮಾರಿ ಯಾರಿಗೂ ಗೊತ್ತಾಗಲ್ಲ. ಗೊತ್ತಾದ್ರ ಅವತ್ತಿಂದ ನಾ ರುಮಾಲ ಮುಟ್ಟಲ್ಲ,” ಅಂದ.

ಶರಣಬಸವ ಟವೆಲಿನ ಒಳಗಿನಿಂದಲೇ ಕೇಳಿದ, ಖರೇ ಏನು ಎಂದು. ಖರೇ ಅಂದ ಭಗವಂತರಾಯ. ಹಾಗಾದರೆ ಕೂರುತ್ತೇನೆ ಎಂದು ಅವನು ಎದ್ದು ಹೋದ. ಇಂಥ ಆಣೆ ಹಾಕುವ ಮುಂಚೆ ಒಂದು ಸಲ ಕಟ್ಟಿ ನೋಡಬೇಕಿತ್ತು ಎಂದು ಸಾಬಮ್ಮ ಹೇಳಿದಳು. ಹೆಂಗಸಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಗಂಡ ಉತ್ತರ ಕೊಟ್ಟ.

ಭಾನುವಾರ ಕಟ್ಟಿ ನೋಡಿದ. ಅಭ್ಯಾಸಬಲದಿಂದ ಬಟ್ಟೆಯ ತುದಿಯನ್ನು ಶರಣಬಸವನ ಬಾಯಿಗೆ ಕೊಟ್ಟುಬಿಟ್ಟ. ಹಲ್ಲೇನೋ ಹಿಡಿಯಿತು. ತುಟಿ ಮುಚ್ಚದೆ ಜೊಲ್ಲು ಇಳಿದು ಬಟ್ಟೆ ಒಂದು ಗೇಣು ಒದ್ದೆಯಾಯಿತು. ಶರಣಬಸವ ತುದಿಯನ್ನು ಉಗುಳಿ ಮುಖ ತಿರುಗಿಸಿದ. ಲಕ್ಷ್ಮಿದೇವಿ ಆ ತುದಿಯನ್ನು ತಾನು ಕೈಯಲ್ಲಿ ಹಿಡಿದು ನಿಂತಳು.

ಸೋದರಮಾವನ ಕಟ್ಟಳೆಯ ಪ್ರಕಾರ ಹಣೆಯ ಮೂಲೆ ಮೂಗಿನ ನೇರಕ್ಕೆ ಬರಬೇಕು, ಅಂಚು ಸಮವಾಗಿರಬೇಕು. ಭಗವಂತರಾಯ ಹಾಗೇ ಕಟ್ಟಿದ. ಹಣೆಯ ಗೆರೆ ಮುಚ್ಚಲೆಂದು ಅಂಚನ್ನು ಹುಬ್ಬಿನ ತನಕ ಇಳಿಸಿದ. ರುಮಾಲು ಒಂದು ಕೂದಲೆಳೆಯೂ ಆಚೀಚೆ ಆಗದೆ ಕೂತಿತು. ಅದರ ಕೆಳಗೆ ಮುಖ ಮೊದಲಿಗಿಂತ ಎರಡು ಪಾಲು ವಾರೆಯಾಗಿ ಕಂಡಿತು. ಬಲಗಡೆ ಅಂಚಿಗೆ ಹುಬ್ಬು ತಾಗುತ್ತಿದೆ, ಎಡಗಡೆ ನಡುವೆ ಅರ್ಧ ಬೆರಳಿನಷ್ಟು ಜಾಗ.

ಶರಣಬಸವ ಕನ್ನಡಿ ನೋಡಿ, ವಾರೆಯಾದ ಗೋಡೆಗೆ ತೂಕದ ಗುಂಡು ಇಳಿಬಿಟ್ಟ ಹಾಗಾಯಿತು ಎಂದ. ಗುಂಡು ನೆಟ್ಟಗಿದ್ದಷ್ಟೂ ಗೋಡೆಯ ತಪ್ಪು ಎದ್ದು ಕಾಣುತ್ತದೆ, ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ನನಗೆ ಹೇಳಬೇಡ ಎಂದ. ಟವೆಲು ಸುತ್ತಿಕೊಂಡು ಹೊರಟುಹೋದ. ಭಗವಂತರಾಯ ಆ ರಾತ್ರಿ ಉಣ್ಣಲಿಲ್ಲ. ಆಣೆ ಹಾಕಿದವನಿಗೆ ಉಪವಾಸವೂ ಒಳ್ಳೆಯದೇ ಎಂದು ಸಾಬಮ್ಮ ರೊಟ್ಟಿ ಮುಚ್ಚಿಟ್ಟಳು.

ಮಂಗಳವಾರ ಹೋಟೆಲಿಗೆ ರಜೆ ಹಾಕಿ ಶಿವಾಜಿನಗರಕ್ಕೆ ಬಸ್ ಹತ್ತಿದ. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಖಾದರನ ಬಟ್ಟೆ ಅಂಗಡಿ. ರುಮಾಲಿಗೆ ಬೇಕಾದ ಮಲ್ಮಲ್ ಅನ್ನು ಭಗವಂತರಾಯ ಯಾವಾಗಲೂ ಅಲ್ಲೇ ಕೊಳ್ಳುವುದು. ಗಂಜಿ ಹಾಕಿದ ಬಟ್ಟೆ ಸೆಟೆದು ನಿಲ್ಲುತ್ತದೆ, ಮುಖದ ಮಾತು ಕೇಳುವುದಿಲ್ಲ. ಅದಕ್ಕೇ ಈ ಸಲ ಎರಡು ನೀರು ಕಂಡ ಮೆತ್ತನೆಯದೇ ಬೇಕೆಂದು ಕೇಳಿದ. ಯಾಕೆಂದು ಖಾದರ್ ಕೇಳಿದ್ದಕ್ಕೆ ಕಥೆಯೆಲ್ಲ ಹೇಳಿದ. ಅಂಗಡಿಯ ಒಳಗೆ ಖಾದರನ ಅಕ್ಕ ಶಂಶುನ್ನೀಸಾ ಕೂತಿದ್ದಳು. ಆಕೆ ಆ ಕಡೆಯ ಮದುವಣಗಿತ್ತಿಯರಿಗೆ ದುಪಟ್ಟಾ ಹೊದಿಸಿ ಪಿನ್ನು ಹಾಕುವವಳು. ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು. ಪಿನ್ನು ತೆಗೆದು ಡಬ್ಬಿಗೆ ಹಾಕಿ, ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ತಲೆಗೆ ಒಂದು ಗುಲಾಬಿ ದುಪಟ್ಟಾ ಹೊದಿಸಿದಳು.

ಖಾದರನಿಗೆ ಗಡ್ಡವಿದೆ, ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಅಕ್ಕನ ಮುಂದೆ ಅವನ ಆಟ ನಡೆಯುವುದಿಲ್ಲವಾದ್ದರಿಂದ ಸುಮ್ಮನೆ ಕೂತ. ಚಿಕ್ಕಂದಿನಲ್ಲಿ ಕ್ರಿಕೆಟ್ ಚೆಂಡು ಬಿದ್ದು ಅವನ ಮೂಗು ಎಡಕ್ಕೆ ವಾಲಿದೆ. ಶಂಶುನ್ನೀಸಾ ಮೊದಲು ದುಪಟ್ಟಾವನ್ನು ಎರಡೂ ಕಡೆ ಸಮಕ್ಕೆ ಇಳಿಬಿಟ್ಟಳು. ಮೂಗು ವಾಲಿದ್ದು ಎದ್ದು ಕಂಡಿತು. ಆಮೇಲೆ ಹಣೆಯ ಅಂಚನ್ನು ಮೂಗು ವಾಲಿದ ಕಡೆಗೇ ಸ್ವಲ್ಪ ಇಳಿಸಿ, ಆ ಕಡೆಯ ಬಟ್ಟೆಯನ್ನು ಕೆನ್ನೆಯ ಮೇಲೆ ನೆರಳು ಬೀಳುವಂತೆ ಮುಂದೆ ತಂದಳು. ಖಾದರ್ ತಲೆಯನ್ನು ಒಂದಿಷ್ಟು ಓರೆ ಮಾಡಿ ಕೂತ ಹಾಗೆ ಕಾಣಿಸಿದ. ಮೂಗಿನ ಕಡೆ ಗಮನವೇ ಹೋಗಲಿಲ್ಲ.

“ನೋಡಿ ಅಣ್ಣಾ, ಬಟ್ಟೆ ನೇರ ಇದ್ರೆ ಮುಖದ ವಾರೆ ಕಾಣುತ್ತೆ. ಮುಖ ಎಲ್ಲಿಗೆ ಹೋಗ್ತಿದೆಯೋ ಬಟ್ಟೇನೂ ಅಲ್ಲಿಗೇ ಕಳಿಸ್ಬೇಕು. ಜಗಳ ಆಡ್ಬಾರ್ದು,” ಅಂದಳು.

ಭಗವಂತರಾಯನಿಗೆ ಅವಮಾನವಾಯಿತು. ಸೋದರಮಾವನ ಕಟ್ಟಳೆಯನ್ನು ಗುಲಾಬಿ ದುಪಟ್ಟಾದ ಮುಂದೆ ಬಿಟ್ಟುಕೊಡಬೇಕಲ್ಲ ಎನ್ನಿಸಿತು. ಬಸ್ಸಿನಲ್ಲಿ ಹಲಸೂರು ದಾಟುವ ತನಕ ಆಕೆಯನ್ನು ಮನಸ್ಸಿನಲ್ಲೇ ಬೈದುಕೊಂಡ. ಇಂದಿರಾನಗರ ಬರುವಷ್ಟರಲ್ಲಿ ಆಕೆ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಿದ್ದ. ಕೃಷ್ಣರಾಜಪುರದಲ್ಲಿ ಇಳಿಯುವಾಗ ಅದು ತನಗೇ ಹೊಳೆದದ್ದು ಎಂಬ ಹಾಗೆ ನಡೆದುಕೊಂಡು ಬಂದ.

ಎರಡನೆಯ ಭಾನುವಾರ ಹುಬ್ಬಿನ ಇಳಿಜಾರು ನೋಡಿಕೊಂಡೇ ಅಂಚನ್ನು ಕಟ್ಟಿದ. ಎಡಕ್ಕೆ ಅರ್ಧ ಬೆರಳು ಕೆಳಗೆ. ಹುಬ್ಬಿಗೂ ಅಂಚಿಗೂ ನಡುವಿನ ಜಾಗ ಎರಡೂ ಕಡೆ ಒಂದೇ ಆಯಿತು. ಇಳಿದ ಬಾಯಿಯೂ ಅದೇ ಕಡೆಗೆ ಇಳಿದಿತ್ತು. ರುಮಾಲು, ಹುಬ್ಬು, ಬಾಯಿ ಮೂರೂ ಒಂದೇ ಓರೆಯಲ್ಲಿ ಬಂದು, ಮನುಷ್ಯ ಶೋಕಿಗೆ ತಲೆ ವಾಲಿಸಿ ಕೂತಿದ್ದಾನೆ ಅನ್ನಿಸುವಂತಾಯಿತು. ಚುಂಗನ್ನು ಎಡ ಹೆಗಲಿನಿಂದ ಮುಂದೆ ತಂದು, ಬಾಯಿಯ ತುದಿಗೆ ನೆರಳು ಬೀಳುವ ಹಾಗೆ ಕೆನ್ನೆಯ ಪಕ್ಕ ಬಿಟ್ಟ. ಶರಣಬಸವ ಕನ್ನಡಿಯನ್ನು ಬಹಳ ಹೊತ್ತು ಹಿಡಿದುಕೊಂಡ. ಲಕ್ಷ್ಮಿದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಕುಂದರ್ತೀನಿ,” ಅಂದ ಶರಣಬಸವ.

ಭಗವಂತರಾಯ ಷರತ್ತು ಹಾಕಿದ. ನಗಬಾರದು, ನಕ್ಕರೆ ಬಾಯಿ ಬಲಕ್ಕೆ ಓಡುತ್ತದೆ. ಮಾತು ಹೆಚ್ಚು ಬೇಡ. ಹುಬ್ಬು ಎತ್ತಬಾರದು. ಫೋಟೋದವನು ಬಲಗಡೆಯಿಂದಲೇ ತೆಗೆಯಬೇಕು. ಊಟವನ್ನು ಎಲ್ಲರದೂ ಆದ ಮೇಲೆ ಒಳಗೆ ಮಾಡಬೇಕು. ಶರಣಬಸವ ಎಲ್ಲಕ್ಕೂ ತಲೆಯಾಡಿಸಿದ. ಮಗಳ ಮದುವೆಯಲ್ಲಿ ಕಲ್ಲಿನ ಬಸವನ ಹಾಗೆ ಕೂರಬೇಕೆನ್ನಿ ಎಂದು ಸಾಬಮ್ಮ ಹೇಳಿದ್ದು ಗಂಡಸರಿಬ್ಬರ ಕಿವಿಗೂ ಬೀಳಲಿಲ್ಲ.

ಮದುವೆ ಕೃಷ್ಣರಾಜಪುರದ ಒಂದು ಛತ್ರದಲ್ಲಿ. ಬೆಳಿಗ್ಗೆ ಆರಕ್ಕೇ ಭಗವಂತರಾಯ ಇಪ್ಪತ್ತೆರಡು ರುಮಾಲು ಕಟ್ಟಿ ಮುಗಿಸಿದ. ಮದುಮಗನ ಅಪ್ಪ ಸಾಯಬಣ್ಣ ಮಾತ್ರ ಊರಿನಿಂದಲೇ ಕಟ್ಟಿಸಿಕೊಂಡು ಬಂದಿದ್ದ. ಬಸ್ಸಿನಲ್ಲಿ ಅವನು ನಿದ್ದೆಮಾಡಿದ್ದರಿಂದ ಅದು ಒಂದು ಕಡೆ ಕುಸಿದಿತ್ತು, ಆದರೂ ಮುಟ್ಟಗೊಡಲಿಲ್ಲ. ಕೊನೆಗೆ ಭಗವಂತರಾಯ ಒಳಕೋಣೆಯ ಬಾಗಿಲು ಹಾಕಿ ಶರಣಬಸವನಿಗೆ ಕಟ್ಟಿದ. ಎರಡನೆಯ ಭಾನುವಾರದ್ದಕ್ಕಿಂತ ಇದು ಇನ್ನೂ ಚೆನ್ನಾಗಿ ಬಂತು.

ಅಕ್ಷತೆ ಬಿತ್ತು. ಶರಣಬಸವ ಮಗಳ ಪಕ್ಕದಲ್ಲಿ ಕೂತಿದ್ದ, ಯಾರೂ ಏನೂ ಅನ್ನಲಿಲ್ಲ. ಹೊಸ ಬೀಗರು ಸ್ವಲ್ಪ ಶೋಕಿಯವರು, ಮಾತು ಕಡಿಮೆ ಎಂದು ಗಂಡಿನ ಕಡೆಯ ಹೆಂಗಸರು ಮಾತಾಡಿಕೊಂಡದ್ದು ಭಗವಂತರಾಯನ ಕಿವಿಗೆ ಬಿತ್ತು. ಇಡೀ ಜೀವಮಾನದಲ್ಲಿ ಇಂಥ ರುಮಾಲು ಕಟ್ಟಿಲ್ಲ, ಮತ್ತು ಇದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ. ಕಂಬಕ್ಕೆ ಒರಗಿ ನಿಂತು ಒಬ್ಬನೇ ಮೀಸೆ ತೀಡಿಕೊಂಡ.

ಆಗ ಸಾಯಬಣ್ಣ ಎದ್ದು, ಆಯೇರಿ ಮುಗಿಸೋಣ ಎಂದ.

ಆಯೇರಿ ಎಂದರೆ ಬೀಗರು ಬೀಗರಿಗೆ ಬಟ್ಟೆ ಕೊಡುವುದು. ಹೆಂಗಸರಿಗೆ ಸೀರೆ ಕುಪ್ಪಸ. ಗಂಡಸರಿಗೆ ಬೀಗ ತನ್ನ ಕೈಯಾರೆ ಹೊಸ ರುಮಾಲು ಸುತ್ತಬೇಕು. ಬೆಂಗಳೂರಿನ ಮದುವೆಗಳಲ್ಲಿ ಈಗ ಅಷ್ಟು ತಾಳ್ಮೆ ಯಾರಿಗಿದೆ, ಹೆಗಲಿಗೆ ಒಂದು ಶಾಲು ಹಾಕಿ ಮುಗಿಸುತ್ತಾರೆ. ಭಗವಂತರಾಯ ಇಪ್ಪತ್ತು ವರ್ಷದಿಂದ ನೋಡುತ್ತಿದ್ದದ್ದು ಅದನ್ನೇ. ಸಾಯಬಣ್ಣ ಊರಿನವನು. ಅವನ ಕಂಕುಳಲ್ಲಿ ಎಂಟು ಗಜದ ಹಳದಿ ಬಟ್ಟೆಯ ಗಂಟಿತ್ತು. ಹೊಸದು ಸುತ್ತಬೇಕಾದರೆ ಹಳೆಯದನ್ನು ತೆಗೆಯಬೇಕು. ಮೂರು ವಾರ ಹುಬ್ಬಿನ ಅಳತೆ ತೆಗೆದವನಿಗೆ ಇದೊಂದು ನೆನಪೇ ಆಗಿರಲಿಲ್ಲ.

ಶರಣಬಸವ ಎರಡೂ ಕೈಯಲ್ಲಿ ರುಮಾಲನ್ನು ಹಿಡಿದುಕೊಂಡು ಜನರ ನಡುವೆ ಭಗವಂತರಾಯನನ್ನು ಹುಡುಕಿದ. ಭಗವಂತರಾಯ ವೇದಿಕೆಯ ಮೆಟ್ಟಿಲಿಗೆ ಓಡಿದ. ನಮ್ಮ ಕಡೆ ಹಳೆಯದರ ಮೇಲೇ ಹೊಸದು ಕಟ್ಟುವುದು ಪದ್ಧತಿ ಎಂದು ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸಾಯಬಣ್ಣನ ಊರಿಗೂ ತನ್ನ ಊರಿಗೂ ಹನ್ನೊಂದೇ ಕಿಲೋಮೀಟರು, ಪದ್ಧತಿಯೂ ಒಂದೇ. ಸುಳ್ಳು ಅಲ್ಲೇ ಉಳಿಯಿತು. ಅಷ್ಟರಲ್ಲಿ ಸಾಯಬಣ್ಣ ಬೀಗನ ಕೈಗಳನ್ನು ಮೆಲ್ಲಗೆ ಸರಿಸಿ, ರುಮಾಲನ್ನು ಇಡಿಯಾಗಿ ಎತ್ತಿ ಪಕ್ಕದ ಕುರ್ಚಿಯ ಮೇಲೆ ಇಟ್ಟ.

ಛತ್ರದ ಟ್ಯೂಬ್‌ಲೈಟುಗಳ ಕೆಳಗೆ ಮುಖ ಬಯಲಾಯಿತು. ಅರ್ಧ ಹಣೆಗೆ ಗೆರೆ, ಅರ್ಧ ಹಣೆ ನುಣುಪು. ಮುಚ್ಚದ ಕಣ್ಣಿನಿಂದ ನೀರು. ಮುಂದಿನ ಸಾಲಿನ ಮುದುಕಿಯೊಬ್ಬಳು ಅಯ್ಯ ಶಿವನೇ ಎಂದಳು. ಮಿಕ್ಕವರು ಸುಮ್ಮನಾದರು. ಶರಣಬಸವನ ಮೊಣಕಾಲು ಏಳಲು ಹವಣಿಸುವುದು ಭಗವಂತರಾಯನಿಗೆ ಕಂಡಿತು. ಎದ್ದರೆ ಅವನು ಸೀದಾ ಹಿಂದಿನ ಬಾಗಿಲಿನಿಂದ ಹೋಗುವವನೇ, ಆಮೇಲೆ ಯಾರು ಕರೆದರೂ ಬರುವವನಲ್ಲ.

ಸಾಯಬಣ್ಣ ಬಗ್ಗಿ ಅವನ ಮುಖ ನೋಡಿದ.

“ಯಾವಾಗ ಆಯ್ತಿದು, ಬೀಗರೇ?”

“ಮೂರು ವಾರ ಆಯ್ತು,” ಅಂದ ಶರಣಬಸವ. ತುಟಿ ಕೂಡದೆ ಮಾತು ಅರ್ಧ ಗಾಳಿಯಾಗಿ ಹೋಯಿತು.

“ಔಷಧ ನಡದದೇನು?”

“ನಡದದ್ರಿ.”

“ನೋವದೇನು?”

“ಕಿವಿ ಹಿಂದ. ರಾತ್ರಿ ಮಲಗಾಕ ಬಿಡಲ್ಲ.”

“ನಮ್ಮ ಕಾಕಾಗ ಹಿಂಗೇ ಆಗಿತ್ರಿ. ಆರಾಮಾಗ್ತದ, ಏನೂ ಕಾಳಜಿ ಮಾಡಬ್ಯಾಡ್ರಿ,” ಎಂದು ಸಾಯಬಣ್ಣ ಹಳದಿ ಬಟ್ಟೆ ಬಿಚ್ಚಿದ.

ಅವನಿಗೆ ರುಮಾಲು ಕಟ್ಟಲು ಬರುವುದಿಲ್ಲ ಎನ್ನುವುದು ಎರಡನೆಯ ಸುತ್ತಿಗೇ ಎಲ್ಲರಿಗೂ ತಿಳಿಯಿತು. ಊರಿನಲ್ಲೂ ಈಗ ಕಟ್ಟುವವನೊಬ್ಬ, ಕಟ್ಟಿಸಿಕೊಳ್ಳುವವರು ನೂರು. ಬಟ್ಟೆಯನ್ನು ಹುರಿ ಮಾಡದೆ ಹಾಗೇ ಸುತ್ತಿದ, ಜಾರಿತು. ಮತ್ತೆ ಸುತ್ತಿದ, ಮದುಮಗಳ ಬಾಸಿಂಗಕ್ಕೆ ಸಿಕ್ಕಿಕೊಂಡಿತು. ತುದಿ ಹಿಡಿಯಿರಿ ಎಂದು ಶರಣಬಸವನ ಬಾಯಿಗೆ ಕೊಟ್ಟ. ಅದು ಒದ್ದೆಯಾದದ್ದನ್ನು ಗಮನಿಸಲೂ ಇಲ್ಲ. ಸುಮ್ಮನಿದ್ದ ಜನಕ್ಕೆ ಬಾಯಿ ಬಂತು. ಎಡಕ್ಕೆ ಎಳೀರಿ, ಬಿಗಿ ಮಾಡ್ರಿ, ಕಣ್ಣು ಮುಚ್ಚೀತು ನೋಡ್ರಿ ಎಂದು ಎರಡೂ ಕಡೆಯವರು ಬುದ್ಧಿ ಹೇಳತೊಡಗಿದರು. ಮುಖದ ಸುದ್ದಿ ಯಾರಿಗೂ ಬೇಕಾಗಲಿಲ್ಲ, ಎಲ್ಲರಿಗೂ ರುಮಾಲಿನದೇ ಚಿಂತೆ. ಎಂಟು ನಿಮಿಷದ ಮೇಲೆ ಸಾಯಬಣ್ಣ ಬೆವರು ಒರೆಸಿಕೊಂಡು ಹಿಂದೆ ಸರಿದ.

ಮೂವತ್ತು ವರ್ಷದಲ್ಲಿ ಅಂಥ ಕೆಟ್ಟ ರುಮಾಲನ್ನು ಭಗವಂತರಾಯ ನೋಡಿರಲಿಲ್ಲ. ಮೂಲೆ ಹಣೆಯಲ್ಲಿರಲಿಲ್ಲ, ಕಿವಿಯ ಮೇಲಿತ್ತು. ಅಂಚು ಬಲಕ್ಕೆ ಇಳಿದಿತ್ತು, ಮುಖ ಎಡಕ್ಕೆ. ಒಂದು ಕಿವಿ ಒಳಗೆ, ಒಂದು ಹೊರಗೆ. ಅರ್ಧ ಬಟ್ಟೆ ಚುಂಗಿಗೇ ಉಳಿದು ಸೊಂಟದ ತನಕ ಜೋತಾಡುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ. ವೇದಿಕೆ ಹತ್ತಿ ಎರಡೂ ಕೈ ಅದಕ್ಕೆ ಹಾಕಿದ. ಬರೀ ಎರಡು ಸುತ್ತು ಬಿಚ್ಚಿ ಓರೆ ಬದಲಿಸಿದರೆ ಸಾಕಿತ್ತು.

ಶರಣಬಸವ ಅವನ ಮಣಿಕಟ್ಟು ಹಿಡಿದ.

“ಬಿಡು ಭಗವಂತ. ಬೀಗರು ಕಟ್ಯಾರ,” ಅಂದ.

ಹೇಳಿ ನಕ್ಕ. ಬಾಯಿ ಪೂರ್ತಿ ಬಲಕ್ಕೆ ಓಡಿತು, ಎಡಗಣ್ಣು ತೆರೆದೇ ಇತ್ತು, ಬಲಗಣ್ಣು ಮುಚ್ಚಿಕೊಂಡಿತು. ನಾಗರತ್ನಾ ಅಪ್ಪನನ್ನು ನೋಡಿ ಬಾಸಿಂಗ ಅಲುಗುವ ಹಾಗೆ ನಗತೊಡಗಿದಳು. ಭಗವಂತರಾಯ ಕೈ ಇಳಿಸಿದ. ಮೊದಲು ಅವನಿಗೆ ಸಿಟ್ಟು ಬಂತು. ಕುರ್ಚಿಯ ಮೇಲೆ ಕೂತಿದ್ದ ತನ್ನ ರುಮಾಲನ್ನು ನೋಡಿ ಸಂಕಟವೂ ಆಯಿತು; ಅದು ತಲೆಯ ಮೇಲಿದ್ದ ತನಕ ಮುಖ ಯಾರಿಗೂ ಗೊತ್ತಾಗಿರಲಿಲ್ಲ, ಆಣೆಯೇನೋ ಉಳಿದಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಸಾಯಬಣ್ಣ ಮುಖ ಕಂಡ ತಕ್ಷಣ ಕೇಳಿದ್ದನ್ನು ತಾನು ಮೂರು ವಾರದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಗುಳಿಗೆ ಎಷ್ಟು ಹೊತ್ತಿಗೆ, ನೋವಿದೆಯೋ ಇಲ್ಲವೋ, ಏನೂ ಗೊತ್ತಿಲ್ಲ. ಹುಬ್ಬು ಎಷ್ಟು ಇಳಿದಿದೆ ಎಂದು ಕೇಳಿದರೆ ಕೂದಲೆಳೆಯ ಲೆಕ್ಕ ಹೇಳಿಯಾನು. ಅವನಿಗೆ ನಾಚಿಕೆಯಾಯಿತು. ಎಲ್ಲರೆದುರು ಅಳಬಾರದೆಂದು ವೇದಿಕೆ ಇಳಿದು, ಕೈತೊಳೆಯುವ ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತ.

ಊಟಕ್ಕೆ ಮೊದಲ ಪಂಕ್ತಿಯಲ್ಲೇ ಶರಣಬಸವ ಕೂತ, ಬೀಗರ ಪಕ್ಕದಲ್ಲಿ, ಗೋಡೆಗೆ ಬೆನ್ನು ಮಾಡಿ ಜನರ ಕಡೆ ಮುಖ ಮಾಡಿ. ಭಗವಂತರಾಯ ಹೋಗಿ ಅವನ ಎಡಕ್ಕೆ ಕೂತ. ಸಾರು ಬಾಯಿಯ ತುದಿಯಿಂದ ಇಳಿಯಿತು. ಶರಣಬಸವ ಉಣ್ಣುವುದನ್ನು ನಿಲ್ಲಿಸಲಿಲ್ಲ. ಸುತ್ತಮುತ್ತ ಟವೆಲು ಕಾಣಲಿಲ್ಲ. ಸೊಂಟದ ತನಕ ಜೋತಾಡುತ್ತಿದ್ದ ಹಳದಿ ಚುಂಗನ್ನು ಭಗವಂತರಾಯ ಎತ್ತಿ ಅವನ ಬಾಯಿ ಒರೆಸಿದ. ಅಷ್ಟು ಉದ್ದವಿದ್ದದ್ದರಿಂದ ಕೈಗೆ ಸಲೀಸಾಗಿ ಸಿಗುತ್ತಿತ್ತು. ಹೋಳಿಗೆ ಬರುವಷ್ಟರಲ್ಲಿ ನಾಲ್ಕು ಸಲ ಒರೆಸಿದ್ದ. ಐದನೆಯ ಸಲ ಒರೆಸುವಾಗ ಅವನ ಹಣೆ ಬಿಟ್ಟು ಕಣ್ಣು ನೋಡಿದ.

“ಕಿವಿ ಹಿಂದ ಈಗೂ ನೋವದೇನು?” ಎಂದು ಕೇಳಿದ.

ಅದ, ಆದರೆ ನಿನ್ನೆಗಿಂತ ಕಡಿಮೆ ಎಂದು ಶರಣಬಸವ ಹೇಳಿದ. ರಾತ್ರಿ ಕಣ್ಣಿಗೆ ಹನಿ ಹಾಕಲು ಲಕ್ಷ್ಮಿದೇವಿಯ ಕೈ ನಡುಗುತ್ತದೆ, ಅರ್ಧ ಕೆನ್ನೆಗೇ ಬೀಳುತ್ತದೆ ಎಂದ. ನಾಳೆಯಿಂದ ತಾನು ಬಂದು ಹಾಕುತ್ತೇನೆ ಎಂದು ಭಗವಂತರಾಯ ಹೇಳಿ, ಇನ್ನೊಂದು ಹೋಳಿಗೆ ಹಾಕಿಸಿದ.